ಸಹಾಯ ಬೇಕು: ಎರಡು ಕಂಬ, 38 ಮಕ್ಕಳು, ಖೋ ಖೋ

ಚಿಂತಾಮಣಿ ಕಡೆ ಹೈಸ್ಕೂಲಲ್ಲಿ ಗಣಿತದ ಟೀಚರ್ ನಾನು. ಪಿ.ಟಿ. ಮೇಷ್ಟ್ರು ತುರ್ತಾಗಿ ರಜೆ ಹಾಕಿದ್ದಾರೆ, ನಾಳೆ ಎಂಟನೇ ಕ್ಲಾಸಿನ ಆಟದ ಪೀರಿಯಡ್ ನನಗೆ ಬಂದಿದೆ. ಅವರು ಬಿಟ್ಟುಹೋದ ಚೀಟಿಯಲ್ಲಿರೋದು ಇಷ್ಟು: "ಖೋ ಖೋ. ಎಂಟು ಜನ ಒಬ್ಬರು ಈ ಕಡೆ, ಒಬ್ಬರು ಆ ಕಡೆ ಮುಖ ಮಾಡಿ ಕೂರಲಿ. ಒಂಬತ್ತನೆಯವರು ಅಟ್ಟಲಿ. ಓಡೋರು ಮೂವರಂತೆ ಒಳಗೆ."

ಅಂದ್ರೆ ಒಮ್ಮೆಗೆ ಆಡೋದು 12 ಮಕ್ಕಳು. ಉಳಿದ 26 ಮಕ್ಕಳು ಬಿಸಿಲಲ್ಲಿ ಸುಮ್ಮನೆ ನಿಲ್ಲೋದು ನನಗೆ ಸರಿ ಕಾಣ್ತಿಲ್ಲ, ಪಾಪ. ಮೇಷ್ಟ್ರ ಫೋನ್ ಸಿಗ್ತಿಲ್ಲ. ಪಕ್ಕದಲ್ಲೇ ಇನ್ನೊಂದು ಅಂಕಣ ಹಾಕೋಣ ಅಂದ್ರೆ ಶಾಲೇಲಿ ಇರೋದು ಎರಡೇ ಕಂಬ. ಅಟ್ಟೋರು ನಡುವೆ ದಿಕ್ಕು ಬದಲಿಸೋ ಹಾಗಿಲ್ಲ, ಕಂಬ ದಾಟಿದ ಮೇಲೇ ತಿರುಗಬೇಕಲ್ವಾ?

ಎರಡನೇ ಅಂಕಣಕ್ಕೆ ಕಂಬದ ಬದಲು ಎರಡೂ ತುದೀಲಿ ಸುಣ್ಣದ ಗೆರೆ ಎಳೆದು, ಅದನ್ನ ದಾಟಿ ತಿರುಗಿ ಅಂದ್ರೆ ಆಟ ನಡೆಯುತ್ತಾ? ಆಡಿಸಿ ಗೊತ್ತಿರೋರು ಇವತ್ತು ರಾತ್ರಿಯೊಳಗೆ ಹೇಳಿ.