ಸಹಾಯ ಬೇಕು: ದೀಪ ಸರಿ ಬಂದರೆ ಹೂವು ಕಪ್ಪಾಗುತ್ತದೆ

ಹಬ್ಬದ ಅಲಂಕಾರವನ್ನು ಮನೆ ಆಲ್ಬಮ್‌ಗೆ ಅಂತ ಮೊಬೈಲ್‌ನಲ್ಲೇ ತೆಗೆಯುತ್ತಿದ್ದೇನೆ. ರಾತ್ರಿ ತೆಗೆದರೆ ದೀಪದ ಕುಡಿ ಬರೀ ಬಿಳಿ ಚುಕ್ಕೆ. ಅದರ ಮೇಲೆ ಬೆರಳಿಟ್ಟು ಬೆಳಕು ಇಳಿಸಿದರೆ ಕುಡಿ ಚೆನ್ನಾಗಿ ಬರುತ್ತದೆ, ಪಕ್ಕದ ಹೂವೆಲ್ಲ ಕಪ್ಪು. ಟ್ಯೂಬ್‌ಲೈಟ್ ಹಾಕಿದರೆ ಅರ್ಧ ಹಳದಿ, ಅರ್ಧ ನೀಲಿ. ಫ್ಲ್ಯಾಶ್ ಅಂತೂ ಬೇಡವೇ ಬೇಡ!

ನಿನ್ನೆ ಪೂರ್ತಿ ಕತ್ತಲಾಗುವ ಮೊದಲು, ಕಿಟಕಿಯ ಬೆಳಕು ಪಕ್ಕದಿಂದ ಬೀಳುವ ಹಾಗೆ ನಿಂತು ತೆಗೆದಾಗ ಎರಡೂ ಸರಿ ಬಂತು, ಆದರೆ ಸಿಕ್ಕಿದ್ದು ಹತ್ತೇ ನಿಮಿಷ. ರಾತ್ರಿಯೂ ಹಾಗೆ ಬರಬೇಕಾದರೆ ಯಾವ ಬಲ್ಬು, ಎಲ್ಲಿಡಬೇಕು?

ಇನ್ನೊಂದು, ಎರಡು ಹೆಜ್ಜೆ ಹಿಂದೆ ಸರಿದು 2x ಹಾಕಿ, ದೀಪದ ಮಟ್ಟಕ್ಕೆ ಕೂತು ತೆಗೆದರೆ ಪಕ್ಕದ ಕುರ್ಚಿ, ಚಪ್ಪಲಿ ಮಾಯ. ಹಿಂದಿನ ಸ್ವಿಚ್‌ಬೋರ್ಡು ಮಾತ್ರ ಸುಮ್ನೆ ಇಣುಕುತ್ತದೆ. ಬಟ್ಟೆ ಕಟ್ಟಿದರೆ ಸುಕ್ಕು ಕಾಣುತ್ತದೆ, ಎಷ್ಟು ಹಿಂದೆ ಕಟ್ಟುತ್ತೀರಿ?