ಅಪ್‌ಡೇಟ್: ಅಜ್ಜ ಕೊನೆಗೂ ಜಗಲಿಯಲ್ಲಿ ಕೂತರು

ನಾನು ಕೇಳಿದ್ದು: "ಅಜ್ಜನ ಗೆದ್ದಲು ತಿಂದ ಫೋಟೋ ಸರಿಮಾಡಿ ಹಳೇ ಮನೆ ಜಗಲಿಯಲ್ಲಿ ಕೂರಿಸಿದೆ. ಅಂಟಿಸಿದ ಹಾಗೆ ಕಾಣುತ್ತೆ, ಯಾಕೆ?"

ತಪ್ಪು ಬೆಳಕಿನದ್ದು. ಅಜ್ಜನ ಮೂಗಿನ ನೆರಳು ಚಿತ್ರದ ಬಲಕ್ಕೆ ಬಿದ್ದಿದೆ, ಅಂಚು ಮೆತ್ತಗಿದೆ. ಅಂದರೆ ಎಡದಿಂದ ಬಂದ ತಿಳಿ ಬೆಳಕು. ನಾನು ಕುಂಬಳೆ ಮನೆಯ ಜಗಲಿಯ ಫೋಟೋ ತೆಗೆದದ್ದು ಸಂಜೆ, ಬಲದಿಂದ ಬಿಸಿಲು ಹೊಡೆಯುವಾಗ. ಜಗಲಿಯನ್ನು ಸುಮ್ನೆ ಫ್ಲಿಪ್ ಮಾಡಿದರೆ ಬಾಗಿಲು ಆಚೆ ಬದಿಗೆ ಹೋಗುತ್ತೆ. ಅಮ್ಮ ಒಪ್ಪಲ್ಲ, ನನಗೂ ಮನಸ್ಸಾಗಲಿಲ್ಲ.

ಮೋಡದ ಬೆಳಿಗ್ಗೆ ಮತ್ತೆ ಹೋದೆ. ಕೂತವರ ಎದೆಮಟ್ಟಕ್ಕೆ ಕ್ಯಾಮೆರಾ ಇಟ್ಟು ತೆಗೆದೆ. ಸ್ವಿಚ್‌ಬೋರ್ಡ್, ವೈರು ಅಳಿಸಿದೆ. ಮುರಕಲ್ಲಿನ ಗೋಡೆಯನ್ನು ಸ್ವಲ್ಪ ಮಸುಕು ಮಾಡಿ, ಹಳೇ ಫೋಟೋದಷ್ಟೇ ಗ್ರೇನ್ ಕೊಟ್ಟೆ. ಕುರ್ಚಿಯ ಕಾಲು ನೆಲಕ್ಕೆ ತಾಗುವಲ್ಲಿ ಸಣ್ಣ ಕಪ್ಪು ನೆರಳು ಬರೆದೆ.

ಅಮ್ಮ ತುಂಬಾ ಹೊತ್ತು ನೋಡಿ, "ಅಪ್ಪ ಹೀಗೇ ಕೂರ್ತಿದ್ರು" ಅಂದರು.