34 ವಯಸ್ಸು, 8 ತಿಂಗಳ ಪ್ರಯತ್ನ: ಈಗಲೇ ಡಾಕ್ಟರ್ ಹತ್ತಿರ ಹೋಗಬೇಕಾ?

ಕೇಳಿದವರು: ನನಗೆ 34, ಯಜಮಾನರಿಗೆ 37. ಎಂಟು ತಿಂಗಳಿಂದ ಮಗುವಿಗೆ ಪ್ರಯತ್ನಿಸುತ್ತಿದ್ದೇವೆ. ಮುಟ್ಟು ಬರೋದು 38ರಿಂದ 42 ದಿನಕ್ಕೊಮ್ಮೆ. ಒಂದು ವರ್ಷ ಕಾಯಬೇಕು ಅಂತಾರೆ. ಗೊತ್ತಿರುವವರು ಹೇಳಿ.

ನೀಲಿಕೊಡೆ: 35 ದಾಟಿಲ್ಲವಲ್ಲ, ವರ್ಷ ತುಂಬಲಿ ಬಿಡಿ. 35ರೊಳಗಿನವರಿಗೆ 12 ತಿಂಗಳು, 35 ಆದಮೇಲೆ 6 ತಿಂಗಳು, 40 ದಾಟಿದರೆ ಕಾಯೋದೇ ಬೇಡ. ಲೆಕ್ಕ ಅಷ್ಟೇ. ಅಲ್ಲಿವರೆಗೆ 14ನೇ ದಿನದ ಆಸುಪಾಸಲ್ಲಿ ತಪ್ಪಿಸಬೇಡಿ.

ಹಳೇ ನರ್ಸ್: ನೀಲಿಕೊಡೆಯವರೇ, ನೀವು ಹೇಳಿದ ಲೆಕ್ಕ ಸರಿ. ಆದರೆ ಅದು ಮುಟ್ಟು ಸರಿಯಾಗಿ ಬರುವವರಿಗೆ. 21ರಿಂದ 35 ದಿನದೊಳಗೆ ಬರದಿದ್ದರೆ ಆ ಗಡುವು ಅನ್ವಯಿಸಲ್ಲ, ಈಗಲೇ ತೋರಿಸಬೇಕು. ಗರ್ಭಕೋಶ, ಅಂಡನಾಳದ ಸೋಂಕಿಗೆ ಹಿಂದೆ ಚಿಕಿತ್ಸೆ ಪಡೆದವರು, ಅಂಡನಾಳದಲ್ಲಿ ಗರ್ಭ ನಿಂತಿದ್ದವರು, ಎಂಡೊಮೆಟ್ರಿಯೋಸಿಸ್ ಇರುವವರು, ಗಂಡನಿಗೆ ವೃಷಣದ ಆಪರೇಷನ್ ಆಗಿದ್ದವರು ಕೂಡ ಹಾಗೇ.

ನಿಮ್ಮ ಎಂಟು ತಿಂಗಳನ್ನೇ ನೋಡಿ ಮೇಡಂ. ಸುಮಾರು 240 ದಿನ. 40 ದಿನಕ್ಕೊಂದು ಮುಟ್ಟಾದರೆ ಸಿಕ್ಕಿದ್ದು ಆರೇ ಅವಕಾಶ. ಅದೂ ಪ್ರತಿ ಸಲ ಅಂಡ ಬಿಡುಗಡೆಯಾಗಿದ್ದರೆ ಮಾತ್ರ. 28 ದಿನದವರಿಗೆ ಇದೇ ಅವಧಿಯಲ್ಲಿ ಎಂಟಕ್ಕಿಂತ ಹೆಚ್ಚು ಸಿಕ್ಕಿರುತ್ತೆ.

14ನೇ ದಿನದ ಮಾತು ನಿಮಗೆ ಹೊಂದೋದೇ ಇಲ್ಲ. ಅಂಡ ಬಿಡುಗಡೆಯಾಗೋದು ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮೊದಲು. 40 ದಿನದ ಚಕ್ರದಲ್ಲಿ ಅದು 26ನೇ ದಿನದ ಹತ್ತಿರ ಬೀಳುತ್ತೆ. ಆ ದಿನವೂ ಅದರ ಹಿಂದಿನ ಐದು ದಿನವೂ ಮುಖ್ಯ. 14ರ ಸುತ್ತ ಮಾತ್ರ ಸೇರಿದ್ದರೆ ಎಂಟು ತಿಂಗಳೂ ವ್ಯರ್ಥವಾಗಿರಬಹುದು. ದಿನ ಹಿಡಿಯೋ ಗೋಜಲು ಬೇಡ ಅಂದರೆ, ಮುಟ್ಟು ನಿಂತ ಮೇಲೆ ಎರಡು ಮೂರು ದಿನಕ್ಕೊಮ್ಮೆ ಸೇರಿದರೂ ಸಾಕು.

ಲ್ಯಾಬ್ ಮೇಜು: ಇದೇ ತಪ್ಪು ನಮ್ಮಲ್ಲಿ ರಕ್ತ ಪರೀಕ್ಷೆಗೂ ಆಗುತ್ತೆ. ಅಂಡ ಬಿಡುಗಡೆಯಾಗಿದೆಯೇ ಅಂತ ತಿಳಿಸುವ ಪ್ರೊಜೆಸ್ಟರಾನ್ ಹಾರ್ಮೋನ್ ಪರೀಕ್ಷೆಯ ಚೀಟಿಯಲ್ಲಿ "21ನೇ ದಿನ" ಅಂತ ಬರೆದಿರುತ್ತೆ. ಅದು 28 ದಿನದ ಚಕ್ರದವರಿಗೆ ಹೊಂದುವ ದಿನ. ಪರೀಕ್ಷೆ ಬೇಕಾಗಿರೋದು ಮುಂದಿನ ಮುಟ್ಟಿಗೆ ಒಂದು ವಾರ ಮೊದಲು. ನಿಮಗೆ ಅದು 31ರಿಂದ 35ರ ನಡುವೆ. 21ಕ್ಕೇ ರಕ್ತ ಕೊಟ್ಟರೆ ಕಡಿಮೆ ಬರುತ್ತೆ, "ಅಂಡವೇ ಬಿಡುಗಡೆಯಾಗಿಲ್ಲ" ಅಂತ ಸುಮ್ಮನೆ ಗಾಬರಿ. ಚಕ್ರ ಹಿಂದೆಮುಂದೆ ಆಗುವವರಿಗೆ ಮುಟ್ಟು ಬರೋವರೆಗೂ ವಾರಕ್ಕೊಮ್ಮೆ ಮಾಡಿಸೋದುಂಟು.

ಯಜಮಾನರ ವೀರ್ಯ ಪರೀಕ್ಷೆಯನ್ನು ಕೊನೆಗೆ ಇಡಬೇಡಿ, ಮೊದಲೇ ಮಾಡಿಸಿ. ಅದಕ್ಕೆ ಮೊದಲು ಎರಡರಿಂದ ಏಳು ದಿನ ವೀರ್ಯ ಹೊರಹೋಗದಂತೆ ಬಿಡುವು ಇರಲಿ. ಮನೆಯಿಂದ ತರೋದಾದರೆ ಒಂದು ಗಂಟೆಯೊಳಗೆ, ಡಬ್ಬಿ ಮೈಗೆ ತಾಗಿಸಿ ಬೆಚ್ಚಗೆ. ಮೊದಲು ಬಂದ ಹನಿಗಳಲ್ಲೇ ವೀರ್ಯಾಣು ಹೆಚ್ಚು. ಅದು ಚೆಲ್ಲಿಹೋದರೆ ಮುಚ್ಚಿಡದೆ ಹೇಳಿ, ಇಲ್ಲದಿದ್ದರೆ ವರದಿ ಸುಳ್ಳು ಹೇಳುತ್ತೆ. ಇತ್ತೀಚೆಗೆ ಜೋರು ಜ್ವರ ಬಂದಿತ್ತೇ, ಜಿಮ್‌ಗೆಂದು ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತಗೊಂಡಿದ್ದಾರೆಯೇ ಅನ್ನೋದನ್ನೂ ಹೇಳಲಿ. ಆ ಇಂಜೆಕ್ಷನ್ ವೀರ್ಯಾಣು ತಯಾರಿಯನ್ನೇ ನಿಲ್ಲಿಸಬಲ್ಲದು. ಮೊದಲ ವರದಿ ಕೆಟ್ಟು ಬಂದರೆ ಸಾಮಾನ್ಯವಾಗಿ ಮೂರು ತಿಂಗಳ ನಂತರ ಇನ್ನೊಮ್ಮೆ ನೋಡುತ್ತಾರೆ, ಹೊಸ ವೀರ್ಯಾಣು ಪೂರ್ತಿ ತಯಾರಾಗಲು ಹೆಚ್ಚುಕಡಿಮೆ ಅಷ್ಟು ದಿನ ಬೇಕು.

ಅಮ್ಮು39: ನನಗೆ 39. ಮೊದಲ ಮಗು ಪ್ರಯತ್ನಿಸಿದ ಎರಡೇ ತಿಂಗಳಿಗೆ ನಿಂತಿತ್ತು. ಎರಡನೆಯದಕ್ಕೆ ಐದು ತಿಂಗಳಾಯ್ತು. ಒಮ್ಮೆ ಆಗಿದೆ ಅಂದಮೇಲೆ ವರ್ಷ ಕಾಯಬಹುದಲ್ವಾ?

ಹಳೇ ನರ್ಸ್: ಇಲ್ಲಮ್ಮ. ಆಗಿನ ವಯಸ್ಸು ಬೇರೆ, ಈಗಿನದು ಬೇರೆ. ಆರು ತಿಂಗಳ ಲೆಕ್ಕವೇ ನಿಮಗೂ, ಈಗಲೇ ಅಪಾಯಿಂಟ್‌ಮೆಂಟ್ ತಗೊಳ್ಳಿ.

ಅಮ್ಮು39: ಮಗುವಿಗೆ ರಾತ್ರಿ ಮಾತ್ರ ಇನ್ನೂ ಹಾಲು ಕೊಡ್ತಿದ್ದೀನಿ, ಮುಟ್ಟು ಸರಿಯಾಗಿ ಬರ್ತಿದೆ. ಆ ತಿಂಗಳುಗಳನ್ನೂ ಎಣಿಸಬೇಕಾ?

ಹಳೇ ನರ್ಸ್: ಮುಟ್ಟು ಸರಿಯಾಗಿದ್ದರೆ ನಾನಂತೂ ಎಣಿಸುತ್ತೇನೆ.

ಲ್ಯಾಬ್ ಮೇಜು: ನನಗೆ ಅಷ್ಟು ಖಾತ್ರಿಯಿಲ್ಲ. ಹಾಲು ಬರಿಸುವ ಹಾರ್ಮೋನ್ ಪ್ರೊಲ್ಯಾಕ್ಟಿನ್ ಹೆಚ್ಚಿದ್ದರೆ ಮುಟ್ಟು ಬಂದರೂ ಅಂಡದ ಬಿಡುಗಡೆ ಏರುಪೇರಾಗಬಹುದು. ಡಾಕ್ಟರ್‌ಗೆ ಹಾಲು ಕೊಡೋ ವಿಷಯ ಮೊದಲೇ ಹೇಳಿಬಿಡಿ.

ನೀಲಿಕೊಡೆ: ಒಪ್ಪಿದೆ, 35 ದಿನದ ವಿಷಯ ಗೊತ್ತಿರಲಿಲ್ಲ. ಹಾಗಾದರೆ ಮೂತ್ರದ ಓವ್ಯುಲೇಶನ್ ಕಿಟ್ ತಂದು ಮನೆಯಲ್ಲೇ ನೋಡಿದರಾಗದೇ?

ಹಳೇ ನರ್ಸ್: ನೋಡಬಹುದು, ಆದರೆ ಪಿಸಿಓಎಸ್ ಇದ್ದರೆ ಅದು ಮೋಸ ಮಾಡುತ್ತೆ. ಕಿಟ್ ಹಿಡಿಯೋ ಹಾರ್ಮೋನ್ ಅವರಲ್ಲಿ ಮೊದಲೇ ಹೆಚ್ಚಿರಬಹುದು, ಅಂಡ ಬಿಡುಗಡೆಯಾಗದೆಯೂ ಗೆರೆ ದಟ್ಟವಾಗಿ ಮೂಡುತ್ತೆ. ಕೇಳಿದವರ ಚಕ್ರ ನೋಡಿದರೆ ಪಿಸಿಓಎಸ್, ಥೈರಾಯ್ಡ್ ಎರಡನ್ನೂ ನೋಡಲೇಬೇಕು. ಮೇಡಂ, ಕಳೆದ ಆರು ಮುಟ್ಟಿನ ಮೊದಲ ದಿನದ ತಾರೀಖುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಡಾಕ್ಟರ್ ಮೊದಲು ಕೇಳೋದು ಅದನ್ನೇ.

ಕೇಳಿದವರು: ಐದು ತಾರೀಖು ನೆನಪಿದೆ. ಇಬ್ಬರೂ ಒಟ್ಟಿಗೆ ಹೋಗಬೇಕಾ?

ಲ್ಯಾಬ್ ಮೇಜು: ಐದು ಸಾಕು. ಹೌದು, ಒಟ್ಟಿಗೇ ಹೋಗಿ. ಅವರು ಎರಡು ದಿನ ಬಿಡುವು ಇಟ್ಟುಕೊಂಡೇ ಬರಲಿ, ಅವತ್ತೇ ಸ್ಯಾಂಪಲ್ ಕೇಳಿದರೂ ಕೇಳಬಹುದು.